ಆರೋಗ್ಯ ಮಾಲಿಕೆ: ಇಲಿ ಜ್ವರದ ಮಾತ್ರೆ, ಮತ್ತು “ಇದನ್ನು ಹೇಳುತ್ತಿರುವವರು ಯಾರು?”



ಮಳೆ ಶುರುವಾಯಿತು, ಹಳೆಯ ಮೆಸೇಜುಗಳೂ ಶುರುವಾದವು. ಹೋದ ವಾರ ಮೂರು ಗುಂಪುಗಳಿಂದ ನನಗೆ ಇಲಿ ಜ್ವರದ ಬಗ್ಗೆ ಐದು ಫಾರ್ವರ್ಡ್ ಬಂದಿವೆ. ಮಾತ್ರೆ ತಗೊಳ್ಳಿ ಅನ್ನುವುದು ಎರಡು, ತಗೋಬೇಡಿ ಅನ್ನುವುದು ಎರಡು. ಐದನೆಯದು ಬೆಳ್ಳುಳ್ಳಿ ಕಷಾಯದ್ದು. ಐದರಲ್ಲಿ ಒಂದಕ್ಕೂ ಬರೆದವರ ಹೆಸರಿಲ್ಲ. ಒಂದರಲ್ಲಿ ಮಾತ್ರ “40 ವರ್ಷ ಅನುಭವದ ಹಿರಿಯ ವೈದ್ಯರು” ಎಂದಿದೆ. ಯಾವ ಊರಿನ ವೈದ್ಯರು, ಯಾವ ವಿಭಾಗದವರು ಎಂಬುದಿಲ್ಲ.

ಈ ಗುಂಪುಗಳಲ್ಲಿ ಬರೀ ಓದುವವರಿಲ್ಲ, ಬರೆಯುವವರೂ ಇದ್ದಾರೆ. ನರ್ಸುಗಳಿದ್ದಾರೆ, ಲ್ಯಾಬಿನವರಿದ್ದಾರೆ, ಸಕ್ಕರೆ ಕಾಯಿಲೆಯ ಜೊತೆ ಇಪ್ಪತ್ತು ವರ್ಷ ಬಾಳಿದ ಹಿರಿಯರಿದ್ದಾರೆ. ತಮಗೆ ಗೊತ್ತಿರುವುದನ್ನು ನಾಲ್ಕು ಜನಕ್ಕೆ ಹೇಳಬೇಕೆಂದು ಅವರಿಗೆ ಅನಿಸುತ್ತದೆ. ಹೇಳುವಾಗ ತಾವು ಯಾರು, ಇದು ತಮಗೆ ಹೇಗೆ ಗೊತ್ತು ಎಂಬ ಎರಡು ಸಾಲನ್ನು ಬಿಟ್ಟುಬಿಡುತ್ತಾರೆ. ನಾನೂ ಬಿಟ್ಟಿದ್ದೆ. ಅದರಿಂದ ಏನಾಯಿತು ಎಂಬುದೇ ಈ ವಾರದ ವಿಷಯ.

*2018ರ ನೆರೆ, ನನ್ನ ಮೆಸೇಜು*

ನಾನು ಸಾಗರದ ಕಡೆಯವಳು. ಮದುವೆಯಾಗಿ ಎರ್ನಾಕುಲಂಗೆ ಬಂದವಳು. ಕಳಮಶ್ಶೇರಿ ಹತ್ತಿರ ಒಂದು ಔಷಧ ಅಂಗಡಿಯಲ್ಲಿ ಫಾರ್ಮಸಿಸ್ಟ್. 2018ರ ಆಗಸ್ಟಿನಲ್ಲಿ ಪೆರಿಯಾರ್ ಉಕ್ಕಿದಾಗ ಆಲುವ, ಪರವೂರು ಕಡೆ ಮನೆಗಳ ಒಳಗೆ ಆಳೆತ್ತರ ನೀರು ನಿಂತಿದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರುತ್ತದೆ. ನೀರು ಇಳಿದ ಮೇಲೆ ಊರು ಕೆಸರಾಗಿತ್ತು. ಎಲ್ಲ ಕಡೆಯಿಂದ ಹುಡುಗರು ಮನೆ ತೊಳೆಯಲು ಹೊರಟರು. ತಿರುವನಂತಪುರದ ಒಂದು ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಕುಂದಾಪುರ ಕಡೆಯ ಹುಡುಗನೊಬ್ಬ ಚೆಂಗನ್ನೂರಿಗೆ ಹೋದ. ಅವನ ಹೆಸರು ಇಲ್ಲಿ ಬೇಡ. ಈ ಕಥೆ ಹೇಳಲು ಅವನ ಒಪ್ಪಿಗೆ ಕೇಳಿದ್ದೇನೆ. “ಹೇಳಿ ಅಕ್ಕಾ, ಹೆಸರು ಮಾತ್ರ ಬೇಡ, ಅಮ್ಮನಿಗೆ ಇನ್ನೂ ಪೂರ್ತಿ ಗೊತ್ತಿಲ್ಲ” ಎಂದಿದ್ದಾನೆ.

ಇಲ್ಲಿ ಹೊಸಬರಿಗೆ ಒಂದು ಮಾತು. ಮಲಯಾಳಂನ ‘ಎಲಿಪ್ಪನಿ’ ಅಂದರೆ ಇಲಿ ಜ್ವರ. ‘ಪನಿ’ ಅಂದರೆ ಜ್ವರ, ನಮ್ಮ ‘ಹನಿ’ ಅಲ್ಲ. ನಾನು ಬಂದ ಹೊಸತರಲ್ಲಿ ಆ ಗೋಡೆಬರಹವನ್ನು ಯಾವುದೋ ಔಷಧದ ಹನಿ ಎಂದುಕೊಂಡಿದ್ದೆ. ಲೆಪ್ಟೋಸ್ಪೈರಾ ಎಂಬ ಬ್ಯಾಕ್ಟೀರಿಯಾ ಇಲಿ ಮತ್ತು ದನಕರುಗಳ ಮೂತ್ರದಿಂದ ನೀರು, ಕೆಸರು ಸೇರುತ್ತದೆ. ಕಾಲಿನ ಸಣ್ಣ ಗಾಯದಿಂದಲೋ ಕಣ್ಣು, ಮೂಗು, ಬಾಯಿಯ ತೆಳು ಚರ್ಮದಿಂದಲೋ ನಮ್ಮ ಮೈ ಹೊಗುತ್ತದೆ. ಸಾಮಾನ್ಯವಾಗಿ 5ರಿಂದ 14 ದಿನದೊಳಗೆ ಜ್ವರ ಕಾಣಿಸುತ್ತದೆ, ಕೆಲವರಿಗೆ ತಿಂಗಳವರೆಗೂ ತಡವಾಗಬಹುದು. ಅದಕ್ಕಾಗಿ ಆರೋಗ್ಯ ಇಲಾಖೆ ನೆರೆ ನೀರಿಗೆ, ಕೆಸರಿಗೆ ಇಳಿಯುವವರಿಗೆಲ್ಲ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಪುಕ್ಕಟೆ ಹಂಚಿತು. ದೊಡ್ಡವರಿಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ, ಅಂದರೆ 100ರ ಎರಡು ಮಾತ್ರೆ ಒಟ್ಟಿಗೆ.

ಆ ದಿನಗಳಲ್ಲೇ ಮಾತ್ರೆಯ ವಿರುದ್ಧ ಪ್ರಚಾರವೂ ನಡೆಯಿತು. ಪ್ರಕೃತಿ ಚಿಕಿತ್ಸಕ ಜೇಕಬ್ ವಡಕ್ಕಂಚೇರಿ ಈ ಮಾತ್ರೆ ಬೇಡವೆಂದು ಸಾಮಾಜಿಕ ಜಾಲತಾಣದಲ್ಲಿ ಪ್ರಚಾರ ಮಾಡಿದ್ದರ ಮೇಲೆ ಆಗಿನ ಆರೋಗ್ಯ ಸಚಿವೆ ಕೆ.ಕೆ. ಶೈಲಜಾ ದೂರು ಕೊಟ್ಟರು. ಸೆಪ್ಟೆಂಬರ್ ಮೊದಲಲ್ಲಿ ಪೊಲೀಸರು ಅವರನ್ನು ಬಂಧಿಸಿದರು. ಬಂಧನದ ಸುದ್ದಿ ಪತ್ರಿಕೆಯಲ್ಲಿ ಬಂತು, ಆದರೆ ಅಷ್ಟರೊಳಗೆ “ಡಾಕ್ಸಿ ಬೇಡ” ಎಂಬ ಮಾತು ನೂರು ರೂಪದಲ್ಲಿ ಹರಡಿಯಾಗಿತ್ತು. ಕನ್ನಡಕ್ಕೂ ಬಂದಿತ್ತು. ಕನ್ನಡದಲ್ಲಿ ಬಂದದ್ದರಲ್ಲಿ ಯಾರೋ ಒಬ್ಬರು “ನಾನೇ ಮೂರು ದಿನ ಸೊಂಟದ ಮಟ್ಟ ಕೆಸರಿನಲ್ಲಿ ನಿಂತವನು, ಒಂದು ಮಾತ್ರೆ ಮುಟ್ಟಿಲ್ಲ, ಕಲ್ಲುಗುಂಡಿನ ಹಾಗಿದ್ದೇನೆ, ಮಾತ್ರೆ ನುಂಗಿದ ನನ್ನ ಗೆಳೆಯನ ಹೊಟ್ಟೆ ಉರಿದು ಹೋಯಿತು, ನಿಮ್ಮ ಲಿವರ್ ಉಳಿಸಿಕೊಳ್ಳಿ” ಎಂದು ಬರೆದಿದ್ದರು.

ನಾನೂ ಒಂದು ಮೆಸೇಜು ಬರೆದೆ. ಅದು ಹೀಗಿತ್ತು:

“ಇಲಿ ಜ್ವರ ಮಾರಣಾಂತಿಕ. ನೆರೆ ನೀರಿಗೆ ಇಳಿಯುವವರು ವೈದ್ಯರ ಸಲಹೆಯಂತೆ ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳಿ. ಸುಳ್ಳು ಸುದ್ದಿ ನಂಬಬೇಡಿ. ಎಲ್ಲರಿಗೂ ಕಳುಹಿಸಿ.”

ಇದರಲ್ಲಿ ತಪ್ಪು ಒಂದೂ ಇಲ್ಲ. ಆದರೆ ಹುಡುಗ ಮಾತ್ರೆ ತೆಗೆದುಕೊಳ್ಳಲಿಲ್ಲ. ಶಿಬಿರದಲ್ಲಿ ಕೊಟ್ಟದ್ದನ್ನು ಜೇಬಿಗೆ ಹಾಕಿಕೊಂಡು ವಾಪಸ್ ಬಂದ. ಹತ್ತನೆಯ ದಿನ ಜ್ವರ, ಕಣ್ಣು ಕೆಂಪು, ಮೀನಖಂಡದಲ್ಲಿ ನಡೆಯಲಾಗದಷ್ಟು ನೋವು. ಹೋಟೆಲ್ ಕೆಲಸದ ಸುಸ್ತು ಎಂದುಕೊಂಡು ಮೂರು ದಿನ ಜ್ವರದ ಮಾತ್ರೆಯಲ್ಲೇ ಕಳೆದ. ಕಣ್ಣು ಹಳದಿಯಾಗಿ ಮೂತ್ರ ಕಡಿಮೆಯಾದ ಮೇಲೆ ಆಸ್ಪತ್ರೆ ಸೇರಿದ. ಹನ್ನೆರಡು ದಿನ ಅಲ್ಲಿದ್ದು ಉಳಿದುಕೊಂಡ.

ನೋಡಲು ಹೋದಾಗ ಕೇಳಿದೆ. “ನಮ್ಮ ಗುಂಪಿನಲ್ಲಿ ಹಾಕಿದ್ದೆನಲ್ಲ, ನೋಡಲಿಲ್ವಾ?”

“ನೋಡಿದೆ ಅಕ್ಕಾ. ಅದು ನೀವು ಬರೆದದ್ದು ಅಂತ ಗೊತ್ತಾಗಲಿಲ್ಲ. ಎಲ್ಲರ ಹಾಗೆ ಫಾರ್ವರ್ಡ್ ಅಂದುಕೊಂಡೆ. ಇನ್ನೊಂದರಲ್ಲಿ ಆ ಮನುಷ್ಯ ತಾನೇ ಕೆಸರಲ್ಲಿ ನಿಂತಿದ್ದೆ ಅಂತ ಬರೆದಿದ್ದ.”

ಆಮೇಲೆ ಎಷ್ಟೋ ದಿನ ನಾನು ಎರಡು ಮೆಸೇಜನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿದ್ದೇನೆ. ಅವನ ಮಾತು ಸರಿಯಾಗಿತ್ತು. ಆ ಇನ್ನೊಂದು ಬರಹದಲ್ಲಿ ಒಬ್ಬ ಮನುಷ್ಯ ಇದ್ದ. ನನ್ನದರಲ್ಲಿ ಯಾರೂ ಇರಲಿಲ್ಲ.

*“ನನಗೇನೂ ಆಗಿಲ್ಲ” ಎಂಬ ಅನುಭವದ ಬೆಲೆ ಎಷ್ಟು*

ಹಾಗಂತ ಅನುಭವ ಬರೆದವರನ್ನೆಲ್ಲ ನಂಬಬೇಕೆಂದಲ್ಲ. ಆ ಮನುಷ್ಯ ಸುಳ್ಳು ಹೇಳಿರಲಿಕ್ಕಿಲ್ಲ. ಮೂರು ದಿನ ಕೆಸರಲ್ಲಿ ನಿಂತು ಅವನಿಗೆ ಏನೂ ಆಗದಿರಬಹುದು. ಆದರೆ ಅದರಿಂದ ಮಾತ್ರೆ ಬೇಡ ಎಂದಾಗುವುದಿಲ್ಲ. ಯಾಕೆಂದು ಒಂದು ಹಳೆಯ ಪ್ರಯೋಗದಿಂದ ಹೇಳುತ್ತೇನೆ.

1982ರಲ್ಲಿ ಅಮೆರಿಕದ ಸೈನಿಕರು ಪನಾಮಾ ದೇಶದ ಕಾಡಿನಲ್ಲಿ ಸುಮಾರು ಮೂರು ವಾರ ತರಬೇತಿಗೆ ಇಳಿದರು. ಆ ಕಾಡಿನಲ್ಲಿ ಇಲಿ ಜ್ವರ ಜಾಸ್ತಿ. 940 ಜನ ಸ್ವಇಚ್ಛೆಯಿಂದ ಪ್ರಯೋಗಕ್ಕೆ ಒಪ್ಪಿದರು. ಸುಮಾರು ಅರ್ಧ ಜನಕ್ಕೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಕೊಟ್ಟರು, ಉಳಿದವರಿಗೆ ನೋಡಲು ಹಾಗೇ ಇರುವ, ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದು ಸಿಕ್ಕಿತು ಎಂದು ಸೈನಿಕರಿಗೆ ಗೊತ್ತಿರಲಿಲ್ಲ. ಕೊನೆಗೆ ಔಷಧವಿಲ್ಲದ ಗುಂಪಿನಲ್ಲಿ 20 ಜನಕ್ಕೆ ಇಲಿ ಜ್ವರ ಬಂತು. ಔಷಧ ಪಡೆದ ಗುಂಪಿನಲ್ಲಿ ಒಬ್ಬನಿಗೆ. 1984ರಲ್ಲಿ ಇದು ಪ್ರಕಟವಾಯಿತು.

ಈಗ ಔಷಧವಿಲ್ಲದ ಆ ಗುಂಪನ್ನೇ ನೋಡಿ. ಸುಮಾರು 470 ಜನರಲ್ಲಿ 20 ಜನಕ್ಕೆ ಕಾಯಿಲೆ. ಅಂದರೆ ಸುಮಾರು 450 ಜನ ಔಷಧವಿಲ್ಲದೆಯೇ ಆರಾಮಾಗಿ ಮನೆಗೆ ಹೋದರು. ಆ 450 ಜನರಲ್ಲಿ ಯಾರು ಬೇಕಾದರೂ “ನಾನೇ ಕಾಡಿನ ನೀರಿನಲ್ಲಿ ನಿಂತೆ, ಔಷಧ ಹೊಟ್ಟೆಗೆ ಹೋಗಲಿಲ್ಲ, ಏನೂ ಆಗಲಿಲ್ಲ” ಎಂದು ಸತ್ಯವನ್ನೇ ಬರೆಯಬಹುದಿತ್ತು. ಅವರಿಗೆಲ್ಲ ಬೆಳ್ಳುಳ್ಳಿ ಕಷಾಯ ಕುಡಿಸಿದ್ದರೆ 450 ಜನ ಕಷಾಯಕ್ಕೆ ಸಾಕ್ಷಿ ಹೇಳುತ್ತಿದ್ದರು. ಕಾಯಿಲೆ ಬಿದ್ದ 20 ಜನ ಫೋನ್ ಹಿಡಿದು ಬರೆಯುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ.

ಅದೇ ಲೆಕ್ಕ ನನಗೂ ಅನ್ವಯಿಸುತ್ತದೆ. “ನಮ್ಮ ಅಂಗಡಿಯಲ್ಲಿ ನೂರಾರು ಜನ ಡಾಕ್ಸಿ ಒಯ್ದರು, ಒಬ್ಬರಿಗೂ ಇಲಿ ಜ್ವರ ಬರಲಿಲ್ಲ” ಎಂದು ನಾನು ಬರೆದರೆ ಅದು ಆ ಕೆಸರಿನ ಮನುಷ್ಯನ ಮಾತಿನಷ್ಟೇ ಹಗುರ. ಒಯ್ದವರಿಗೆ ಆಮೇಲೆ ಏನಾಯಿತೆಂದು ನನಗೆ ಗೊತ್ತಿಲ್ಲ. ಕಾಯಿಲೆ ಬಿದ್ದವರು ಆಸ್ಪತ್ರೆಗೆ ಹೋಗುತ್ತಾರೆ, ನನ್ನ ಹತ್ತಿರ ಬಂದು ಹೇಳುವುದಿಲ್ಲ.

ಹಾಗಾದರೆ ನನ್ನ ಅನುಭವಕ್ಕೆ ಬೆಲೆಯೇ ಇಲ್ಲವೇ? ಇದೆ, ಬೇರೆ ಜಾಗದಲ್ಲಿ. ಮಾತ್ರೆ ಕೆಲಸ ಮಾಡುತ್ತದೆಯೇ ಎಂಬುದನ್ನು ಅಂಗಡಿಯ ಮೇಜಿನ ಹಿಂದೆ ನಿಂತು ತಿಳಿಯಲಾಗದು, ಅದಕ್ಕೆ ಪನಾಮಾದಂಥ ಪ್ರಯೋಗ ಬೇಕು. ಆದರೆ ಜನ ಆ ಮಾತ್ರೆಯನ್ನು ಹೇಗೆ ನುಂಗುತ್ತಾರೆ, ಎಲ್ಲಿ ಎಡವುತ್ತಾರೆ ಎಂಬುದು ಪನಾಮಾದವರಿಗಿಂತ ನನಗೆ ಚೆನ್ನಾಗಿ ಗೊತ್ತು. 2018ರಲ್ಲಿ “ಹೊಟ್ಟೆ ಉರಿ, ಎದೆ ಉರಿ” ಎಂದು ವಾಪಸ್ ಬಂದವರನ್ನು ನಾನು ಹೇಗೆ ನುಂಗಿದಿರಿ ಎಂದು ಕೇಳುತ್ತಿದ್ದೆ. ಹೆಚ್ಚಿನವರದು ಒಂದೇ ಕಥೆ. ದಿನವೆಲ್ಲ ಕೆಸರು ಎತ್ತಿ, ರಾತ್ರಿ ಶಿಬಿರದಲ್ಲಿ ಮಲಗುವ ಹೊತ್ತಿಗೆ ನೆನಪಾಗಿ, ಖಾಲಿ ಹೊಟ್ಟೆಗೆ ಒಂದು ಗುಟುಕು ನೀರಿನಲ್ಲಿ ನುಂಗಿ ಹಾಗೇ ಮಲಗಿದ್ದರು. ಡಾಕ್ಸಿ ಅನ್ನನಾಳದಲ್ಲಿ ಅಂಟಿಕೊಂಡರೆ ಅಲ್ಲೇ ಹುಣ್ಣು ಮಾಡುತ್ತದೆ. ಊಟವಾದ ಮೇಲೆ, ದೊಡ್ಡ ಲೋಟದ ತುಂಬ ನೀರಿನಲ್ಲಿ ನುಂಗಿ, ಆಮೇಲೆ ಅರ್ಧ ಗಂಟೆಯಾದರೂ ಮಲಗದೆ ಕುಳಿತಿದ್ದರೆ ಆ ಉರಿ ಬಹಳ ಮಟ್ಟಿಗೆ ತಪ್ಪುತ್ತದೆ. ಇನ್ನು ಕೆಲವರು “ಉಷ್ಣ ಆಗಬಾರದು” ಎಂದು ಹಾಲಿನ ಜೊತೆ ನುಂಗುತ್ತಿದ್ದರು. ಹಾಲು, ಕಬ್ಬಿಣದ ಮಾತ್ರೆ, ಗ್ಯಾಸಿನ ಔಷಧ ಇವು ಡಾಕ್ಸಿ ಮೈಗೆ ಹತ್ತುವುದನ್ನು ಕಡಿಮೆ ಮಾಡುತ್ತವೆ.

ಕೆಸರಿನ ಮನುಷ್ಯನ ಗೆಳೆಯನ ಹೊಟ್ಟೆ ಯಾಕೆ ಉರಿಯಿತು ಎಂಬುದಕ್ಕೆ ಬಹುಶಃ ಇದೇ ಉತ್ತರ. ಇದನ್ನು ನನ್ನ ಮೊದಲ ಮೆಸೇಜಿನಲ್ಲಿ ಬರೆದಿದ್ದರೆ ಅವನ ಮಾತಿನ ಅರ್ಧ ಬಲ ಅಲ್ಲೇ ಇಳಿಯುತ್ತಿತ್ತು.

*ಮತ್ತೆ ಬರೆದದ್ದು*

2019ರ ಆಗಸ್ಟಿನಲ್ಲಿ ಮತ್ತೆ ನೆರೆ ಬಂತು. ಆಗ ಬರೆದದ್ದು ಇದು. ಸ್ವಲ್ಪ ಉದ್ದ, ಆದರೂ ಪೂರ್ತಿ ಕೊಡುತ್ತೇನೆ. ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟಿದ್ದೇನೆ.

“ನಾನು ______. ಎಂಟು ವರ್ಷದಿಂದ ಕಳಮಶ್ಶೇರಿ ಹತ್ತಿರದ ಔಷಧ ಅಂಗಡಿಯಲ್ಲಿ ಫಾರ್ಮಸಿಸ್ಟ್. ಬಿ.ಫಾರ್ಮ ಓದಿದ್ದೇನೆ, ಕೇರಳ ರಾಜ್ಯ ಫಾರ್ಮಸಿ ಕೌನ್ಸಿಲ್‌ನಲ್ಲಿ ನೋಂದಣಿ ಇದೆ. ನಾನು ವೈದ್ಯೆ ಅಲ್ಲ. ಯಾರಿಗೆ ಮಾತ್ರೆ ಬೇಕು, ಯಾರಿಗೆ ಬೇಡ ಎಂದು ತೀರ್ಮಾನಿಸುವವರು ಆರೋಗ್ಯ ಕೇಂದ್ರದ ವೈದ್ಯರು.

ನೆರೆ ನೀರಿಗೆ, ಕೆಸರಿಗೆ ಇಳಿಯುವ ದೊಡ್ಡವರಿಗೆ ಆರೋಗ್ಯ ಇಲಾಖೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಹೇಳಿದೆ. ಸರಕಾರಿ ಆರೋಗ್ಯ ಕೇಂದ್ರದಲ್ಲಿ ಇದು ಪುಕ್ಕಟೆ. ನಮ್ಮ ಅಂಗಡಿಗೆ ಬರಬೇಕಿಲ್ಲ.

ಗರ್ಭಿಣಿಯರು, ಹಾಲೂಡಿಸುವವರು, 8 ವರ್ಷದೊಳಗಿನ ಮಕ್ಕಳು ಇದನ್ನು ತೆಗೆದುಕೊಳ್ಳಬೇಡಿ. ಅವರಿಗೆ ವೈದ್ಯರು ಬೇರೆ ಔಷಧ ಕೊಡುತ್ತಾರೆ. ಲಿವರ್ ತೊಂದರೆ ಇರುವವರು, ಬೇರೆ ಮಾತ್ರೆ ದಿನಾ ನುಂಗುವವರು ಮೊದಲೇ ಹೇಳಿ.

ಹೋದ ವರ್ಷ ಅಂಗಡಿಯಲ್ಲಿ ನಾನು ಕಂಡದ್ದು: ಎದೆ ಉರಿ ಎಂದವರಲ್ಲಿ ಹೆಚ್ಚಿನವರು ಖಾಲಿ ಹೊಟ್ಟೆಗೆ ನುಂಗಿ ಮಲಗಿದ್ದರು. ಊಟದ ಮೇಲೆ, ತುಂಬ ನೀರಿನಲ್ಲಿ ನುಂಗಿ, ಅರ್ಧ ಗಂಟೆ ಮಲಗಬೇಡಿ.

ಮಾತ್ರೆ ನುಂಗಿದರೂ ಗಂಬೂಟು, ಕೈಗವಸು ಬೇಕು. ಇದು ನೂರಕ್ಕೆ ನೂರು ರಕ್ಷಣೆ ಅಲ್ಲ. ಕೆಸರಿಗೆ ಇಳಿದ ಒಂದು ತಿಂಗಳೊಳಗೆ ಜ್ವರ ಬಂದರೆ ಅದೇ ದಿನ ವೈದ್ಯರ ಹತ್ತಿರ ಹೋಗಿ, ‘ನೆರೆ ನೀರಿಗೆ ಇಳಿದಿದ್ದೆ’ ಎಂದು ನೀವಾಗಿಯೇ ಹೇಳಿ.

ಬರೆದದ್ದು: 2019 ಆಗಸ್ಟ್, ಎರ್ನಾಕುಲಂ. ಮುಂದಿನ ವರ್ಷ ಇದು ನಿಮಗೆ ಸಿಕ್ಕರೆ ಆಗಿನ ಸೂಚನೆ ಏನೆಂದು ಆರೋಗ್ಯ ಕೇಂದ್ರದಲ್ಲಿ ಕೇಳಿ.”

ಇದರ ಕೆಲವು ಸಾಲುಗಳ ಹಿಂದೆ ಒಂದೊಂದು ಯೋಚನೆ ಇದೆ.

“ನಾನು ವೈದ್ಯೆ ಅಲ್ಲ” ಎಂಬ ಸಾಲನ್ನು ತೆಗೆಯಲು ನನ್ನ ಮನೆಯವರು ಹೇಳಿದರು, ಜನ ಓದುವುದನ್ನು ನಿಲ್ಲಿಸುತ್ತಾರಂತೆ. ನಾನು ಒಪ್ಪಲಿಲ್ಲ. ಬರೆದವರೇ ತಮ್ಮ ಗೆರೆ ಎಲ್ಲಿದೆ ಎಂದು ತೋರಿಸಿದರೆ ಗೆರೆಯ ಒಳಗಿನ ಮಾತಿಗೆ ತೂಕ ಬರುತ್ತದೆ. ಫಾರ್ಮಸಿಸ್ಟ್ ಆದವಳು ಮಾತ್ರೆ ನುಂಗುವ ವಿಧಾನ ಹೇಳಬಹುದು. ಜ್ವರ ಬಂದವರಿಗೆ ಇದು ಇಲಿ ಜ್ವರವೇ, ಡೆಂಗ್ಯೂವೇ ಎಂದು ಹೇಳುವ ಕೆಲಸ ಅವಳದಲ್ಲ. ಇದೇ ನಮ್ಮ ಗುಂಪಿನ ಇತರರಿಗೂ ಹೊಂದುತ್ತದೆ. ಇಪ್ಪತ್ತು ವರ್ಷ ಸಕ್ಕರೆ ಕಾಯಿಲೆ ಇರುವ ಹಿರಿಯರು ಇನ್ಸುಲಿನ್ ಚುಚ್ಚುವ ಜಾಗ ಬದಲಾಯಿಸುವುದು ಹೇಗೆ, ರೈಲಿನಲ್ಲಿ ಅದನ್ನು ತಂಪಾಗಿ ಇಡುವುದು ಹೇಗೆ ಎಂದು ಬರೆದರೆ ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿರುತ್ತದೆ. ಅವರೇ “ನನಗೆ 12 ಯುನಿಟ್ ಸಾಕಾಯಿತು, ನಿಮಗೂ ಸಾಕು” ಎಂದರೆ ಕೆಟ್ಟಿತು.

ಪುಕ್ಕಟೆ ಸಿಗುತ್ತದೆ, ನಮ್ಮ ಅಂಗಡಿಗೆ ಬರಬೇಕಿಲ್ಲ ಎಂಬ ಸಾಲು ಲಾಭದ ಬಗ್ಗೆ. ಔಷಧ ಮಾರುವವಳು ಔಷಧ ತಗೊಳ್ಳಿ ಅಂದರೆ ಅನುಮಾನ ಬರುವುದು ಸಹಜ. ಅನುಮಾನ ಓದುವವರ ತಲೆಯಲ್ಲಿ ಹುಟ್ಟುವ ಮೊದಲೇ ನಾನೇ ಹೇಳಿಬಿಡುವುದು ಮೇಲು. ಯಾವುದಾದರೂ ಆರೋಗ್ಯದ ಬರಹದ ಕೊನೆಗೆ ಪುಡಿಯ ಡಬ್ಬಿಯ ಚಿತ್ರ ಮತ್ತು ಆರ್ಡರ್ ಮಾಡುವ ನಂಬರ್ ಇದ್ದರೆ, ಮೇಲಿನ ಅನುಭವದ ಕಥೆಯನ್ನೆಲ್ಲ ಜಾಹೀರಾತು ಎಂದೇ ಓದಿ.

ರಕ್ಷಣೆ ನೂರಕ್ಕೆ ನೂರಲ್ಲ ಎಂಬ ಸಾಲಿಗೆ ಅಂಡಮಾನಿನ ಪ್ರಯೋಗ ಕಾರಣ. ಪನಾಮಾದ ಫಲಿತಾಂಶ ಅಷ್ಟು ಚೊಕ್ಕವಾಗಿದ್ದರೂ, ನಮ್ಮ ದೇಶದಲ್ಲೇ ಉತ್ತರ ಅಂಡಮಾನಿನಲ್ಲಿ ನಡೆದು 2000ದಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಡಾಕ್ಸಿ ಸೋಂಕು ತಗುಲುವುದನ್ನು ತಡೆಯಲಿಲ್ಲ. ಆದರೆ ಕಾಯಿಲೆಯಾಗಿ ಮಲಗುವವರ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಅಷ್ಟೂ ದೊಡ್ಡ ಉಪಕಾರವೇ. ಆದರೆ “ಒಂದು ಮಾತ್ರೆ ನುಂಗಿ, ನಿಶ್ಚಿಂತೆಯಾಗಿರಿ” ಎಂದು ಬರೆದಿದ್ದರೆ, ನುಂಗಿಯೂ ಜ್ವರ ಬಂದ ಮೊದಲ ವ್ಯಕ್ತಿಯ ಜೊತೆ ನನ್ನ ಮಾತಿನ ನಂಬಿಕೆಯೂ ಹೋಗುತ್ತಿತ್ತು. ಅದಕ್ಕಿಂತ ಅಪಾಯ ಏನೆಂದರೆ ಅವರು ಮಾತ್ರೆ ನುಂಗಿದ್ದೇನಲ್ಲ ಎಂದು ಆಸ್ಪತ್ರೆಗೆ ಹೋಗಲು ತಡ ಮಾಡುತ್ತಿದ್ದರು.

ತಾರೀಖು, ಊರು ಯಾಕೆಂದರೆ ಫಾರ್ವರ್ಡಿಗೆ ಸಾವಿಲ್ಲ. ನನ್ನ 2018ರ ಹೆಸರಿಲ್ಲದ ಮೆಸೇಜು ಈಗಲೂ ಯಾರದೋ ಗುಂಪಿನಲ್ಲಿ ತಿರುಗುತ್ತಿದೆ. ಹೋದ ವಾರದ ಐದರಲ್ಲಿ ಒಂದು ಅದೇ. ಯಾರೋ ಕೆಳಗೆ “ಹಿರಿಯ ವೈದ್ಯರು” ಎಂದು ಸೇರಿಸಿದ್ದಾರೆ. ನಾನು ಒಮ್ಮೆಗೇ ಹಿರಿಯ ವೈದ್ಯೆಯಾಗಿಬಿಟ್ಟೆ!

*‘ಡಾ.’ ಎಂದಿದ್ದರೆ ನೋಡುವುದು ಹೇಗೆ*

ಈಗ ಓದುವವರ ಕಡೆಯಿಂದ. ಮೆಸೇಜಿನ ಕೊನೆಯಲ್ಲಿ ವೈದ್ಯರ ಹೆಸರಿದ್ದರೆ ಮಾಡಬಹುದಾದ ಒಂದು ಕೆಲಸ ಇದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ತಾಣ nmc.org.in ನಲ್ಲಿ Indian Medical Register ಎಂಬ ಪಟ್ಟಿ ಇದೆ. ಹೆಸರು, ನೋಂದಣಿ ಸಂಖ್ಯೆ, ರಾಜ್ಯದ ಕೌನ್ಸಿಲ್ ಇವುಗಳಲ್ಲಿ ಯಾವುದರಿಂದಾದರೂ ಹುಡುಕಬಹುದು. ಸಿಕ್ಕರೆ ಅವರ ಪದವಿ, ನೋಂದಣಿಯಾದ ವರ್ಷ, ಕೌನ್ಸಿಲ್ ಕಾಣುತ್ತದೆ. ಕೇರಳದಲ್ಲಿ ನೋಂದಾಯಿಸಿದವರ ಹೆಸರಿನ ಮುಂದೆ ಅಲ್ಲಿ ತಿರುವಾಂಕೂರ್-ಕೊಚ್ಚಿನ್ ಮೆಡಿಕಲ್ ಕೌನ್ಸಿಲ್ ಎಂದು ಇರಬಹುದು, ನಮ್ಮ ಕಡೆಯವರಿಗೆ ಕರ್ನಾಟಕ ಮೆಡಿಕಲ್ ಕೌನ್ಸಿಲ್ ಎಂದು. ಇಲ್ಲೊಂದು ಗೊಂದಲ ನಮ್ಮವರಿಗೆ ಯಾವಾಗಲೂ ಆಗುತ್ತದೆ. ಹೆಸರಿನ ಮುಂದೆ ‘ಕೆಎಂಸಿ’ ಎಂದು ಅಂಕಿಯ ಜೊತೆ ಇದ್ದರೆ ಅದು ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನ ನೋಂದಣಿ. ಬರೀ ಕೆಎಂಸಿ ಎಂದಿದ್ದರೆ ಮಣಿಪಾಲ, ಮಂಗಳೂರಿನ ಕಸ್ತೂರ್ಬಾ ಮೆಡಿಕಲ್ ಕಾಲೇಜು ಇರಬಹುದು.

ವೈದ್ಯರು ತಮ್ಮ ಚಿಕಿತ್ಸಾಲಯದಲ್ಲಿ, ಔಷಧ ಚೀಟಿಯಲ್ಲಿ, ಪ್ರಮಾಣಪತ್ರದಲ್ಲಿ, ಹಣದ ರಸೀದಿಯಲ್ಲಿ ನೋಂದಣಿ ಸಂಖ್ಯೆ ತೋರಿಸಬೇಕೆಂದು 2002ರ ವೃತ್ತಿ ನಿಯಮಾವಳಿ ಹೇಳುತ್ತದೆ. ಮೆಸೇಜಿನಲ್ಲಿ ಹಾಕಬೇಕೇ ಎಂಬುದು ಬೇರೆ ಪ್ರಶ್ನೆ. ನಾನು ನನ್ನದನ್ನು ಹಾಕಲಿಲ್ಲ. ಸಾವಿರ ಜನ ಅಪರಿಚಿತರಿಗೆ ಹೋಗುವ ಬರಹದಲ್ಲಿ ಹಾಕಿದ ಸಂಖ್ಯೆಯನ್ನು ಯಾರು ಬೇಕಾದರೂ ಎತ್ತಿ ಇನ್ನೊಂದು ಬರಹಕ್ಕೆ ಅಂಟಿಸಬಹುದು. ಹೆಸರು, ಕೌನ್ಸಿಲ್, ಕೆಲಸ ಮಾಡುವ ಊರು ಇದ್ದರೆ ಹುಡುಕುವವರಿಗೆ ಸಾಕು. ಸಂಖ್ಯೆ ಬೇಕೆಂದವರಿಗೆ ಗುಂಪಿನ ಅಡ್ಮಿನ್ ಮೂಲಕ ಕೊಡುತ್ತೇನೆ. ಇದು ನನ್ನ ಅಭಿಪ್ರಾಯ, ಗುಂಪಿನ ವೈದ್ಯರೊಬ್ಬರು ಒಪ್ಪುವುದಿಲ್ಲ. ಒಂದೇ ಹೆಸರಿನ ಹತ್ತು ಜನ ಇರುತ್ತಾರೆ, ಸಂಖ್ಯೆ ಇಲ್ಲದಿದ್ದರೆ ಯಾರೆಂದು ಗೊತ್ತಾಗುವುದು ಹೇಗೆ ಎನ್ನುತ್ತಾರೆ. ಅವರ ಮಾತಿನಲ್ಲೂ ಹುರುಳಿದೆ.

ಆ ಪಟ್ಟಿಗೂ ಮಿತಿ ಇದೆ. ಅದು ಆಧುನಿಕ ವೈದ್ಯಪದ್ಧತಿಯವರ ಪಟ್ಟಿ, ಆಯುರ್ವೇದ ಮತ್ತು ಹೋಮಿಯೋಪತಿ ವೈದ್ಯರ ನೋಂದಣಿ ಬೇರೆ ಕಡೆ. ಇಂಗ್ಲಿಷ್ ಕಾಗುಣಿತ, ಇನಿಶಿಯಲ್ ಸ್ವಲ್ಪ ಬೇರೆಯಾದರೂ ಹೆಸರು ಸಿಗುವುದಿಲ್ಲ. ಹಾಗಾಗಿ ಸಿಗಲಿಲ್ಲವೆಂದು ನಕಲಿ ಎಂದು ಬೈಯಬೇಡಿ. ‘ಡಾ.’ ಎಂಬುದು ಸಾಹಿತ್ಯದಲ್ಲಿ ಪಿಎಚ್.ಡಿ. ಮಾಡಿದವರಿಗೂ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹೆಸರು ಪಟ್ಟಿಯಲ್ಲಿ ಇದ್ದರೆ ಆ ಹೆಸರಿನ ವೈದ್ಯರು ಇದ್ದಾರೆ ಎಂದು ಮಾತ್ರ ಗೊತ್ತಾಗುತ್ತದೆ, ಆ ಮೆಸೇಜು ಅವರೇ ಬರೆದದ್ದು ಎಂದಲ್ಲ. 2020ರ ಮಾರ್ಚಿನಲ್ಲಿ ಐಸ್‌ಕ್ರೀಂ ತಿನ್ನಬೇಡಿ, ಬಿಸಿಲಿಗೆ ಕೊರೊನಾ ಸಾಯುತ್ತದೆ ಎಂಬ ಮೆಸೇಜು ಯುನಿಸೆಫ್ ಹೆಸರಿನಲ್ಲಿ ಎಷ್ಟೋ ಭಾಷೆಗಳಲ್ಲಿ ಓಡಾಡಿತು. ಯುನಿಸೆಫ್ ತಾನೇ ಮುಂದೆ ಬಂದು ಅದು ನಮ್ಮದಲ್ಲ ಎನ್ನಬೇಕಾಯಿತು. ಸಂಸ್ಥೆ ನಿಜ, ಹೆಸರು ನಿಜ, ಮಾತು ಮಾತ್ರ ಬೇರೆ ಯಾರದೋ.

ಅದಕ್ಕೆ ನಾನು ಇನ್ನೊಂದನ್ನು ನೋಡುತ್ತೇನೆ. ನಿಜವಾಗಿ ಆ ಕೆಲಸ ಮಾಡಿದವರ ಬರಹದಲ್ಲಿ ಹೊರಗಿನವರಿಗೆ ಹೊಳೆಯದ ಒಂದು ಸಣ್ಣ ವಿವರ ಇರುತ್ತದೆ. ರೋಗಿಯನ್ನು ನೋಡಿದವರು ಮೀನಖಂಡ ಒತ್ತಿದರೆ ನೋವು ಎಂದು ಬರೆಯುತ್ತಾರೆ, ಔಷಧ ಕೊಟ್ಟವರು ಮಲಗಬೇಡಿ ಎಂದು ಬರೆಯುತ್ತಾರೆ. ಯಾರಿಗೆ ಇದು ಬೇಡ ಎಂಬ ಸಾಲೂ ಇರುತ್ತದೆ. ಕದ್ದ ಹೆಸರಿನ ಬರಹದಲ್ಲಿ ಔಷಧ ಎಲ್ಲರಿಗೂ ಒಳ್ಳೆಯದು, ಇಲ್ಲವೇ ಎಲ್ಲರಿಗೂ ಕೆಟ್ಟದ್ದು.

*ಈ ವಾರದ ಕೆಲಸ*

ಆ ಹೆಸರಿಲ್ಲದ ಹಳೆಯ ಮೆಸೇಜು ನಿಮ್ಮ ಗುಂಪಿಗೆ ಬಂದರೆ, “ಹಿರಿಯ ವೈದ್ಯರು” ಎಂದು ಕೆಳಗೆ ಇದ್ದರೆ, ದಯವಿಟ್ಟು ಮುಂದೆ ಕಳಿಸದೆ ನನಗೆ ತಿಳಿಸಿ. ಈ ಮಳೆಗಾಲದ ಸೂಚನೆಯನ್ನು ನಮ್ಮ ಬಡಾವಣೆಯ ಆರೋಗ್ಯ ಕೇಂದ್ರದಲ್ಲಿ ಕೇಳಿ, ಹೊಸ ತಾರೀಖು ಹಾಕಿ, ಹೆಸರಿನೊಂದಿಗೆ ಶನಿವಾರದೊಳಗೆ ಹಾಕುತ್ತೇನೆ. ಮಲಯಾಳಂ ಓದಲು ಬಾರದವರ ಮನೆಗೆ ಆಶಾ ಕಾರ್ಯಕರ್ತೆ ಚೀಟಿ ಕೊಟ್ಟು ಹೋಗಿದ್ದರೆ ಅದರ ಫೋಟೋ ಕಳಿಸಿ, ಕನ್ನಡದಲ್ಲಿ ಏನಿದೆ ಎಂದು ಹೇಳುತ್ತೇನೆ.

ಚೆಂಗನ್ನೂರಿಗೆ ಹೋದ ಹುಡುಗ ಈಗ ತಿರುವನಂತಪುರದಲ್ಲೇ ಸ್ವಂತ ಕ್ಯಾಟರಿಂಗ್ ನಡೆಸುತ್ತಾನೆ. ಮಳೆ ಜೋರಾದಾಗ ಮೊದಲು ಫೋನ್ ಮಾಡುವವನು ಅವನೇ. ಮೊನ್ನೆಯೂ ಮಾಡಿದ್ದ. ಅಡುಗೆ ಶೆಡ್ಡಿನ ಹಿಂದೆ ಚರಂಡಿ ಉಕ್ಕಿದೆ, ತೊಳೆಯಲು ನಾಲ್ಕು ಹುಡುಗರು ಇಳಿಯಬೇಕು, ಏನು ಮಾಡಲಿ ಎಂದು. ಗಂಬೂಟು ಕೊಡಿಸು, ಕಾಲಲ್ಲಿ ಗಾಯ ಇರುವವನನ್ನು ಇಳಿಸಬೇಡ, ನಾಲ್ವರನ್ನೂ ಇವತ್ತೇ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗು ಎಂದೆ. “ಮಾತ್ರೆ ಕೊಟ್ಟರೆ ಊಟ ಹಾಕಿಯೇ ನುಂಗಿಸುತ್ತೇನೆ ಅಕ್ಕಾ, ಮಲಗಲು ಬಿಡುವುದಿಲ್ಲ” ಎಂದ.